“ವಿದ್ಯಾರ್ಥಿಗಳು ಕ್ಕೆ ಕ್ಕೆ ಬರಬೇಕು”: ಕನ್ನಡ ಟಿಟಿಎಸ್ ಎಡವೋದು ಎಲ್ಲಿ?

ನಮ್ಮ ಹಾಸ್ಟೆಲ್ ಗೆಳೆಯನೊಬ್ಬನಿಗೆ ದೃಷ್ಟಿ ತುಂಬಾ ಕಡಿಮೆ. ವಾಟ್ಸಾಪ್ ಗ್ರೂಪಿಗೆ ಬರುವ ನೋಟಿಸುಗಳನ್ನು ಅವನು ಓದಲ್ಲ, ಫೋನಿನಿಂದ ಓದಿಸಿಕೊಂಡು ಕೇಳ್ತಾನೆ. ಅವನಿಗಾಗಿ ಕನ್ನಡ ನೋಟಿಸುಗಳನ್ನು ಓದುವ ಸಣ್ಣ ಪ್ರೋಗ್ರಾಂ ಮಾಡೋಣ ಅಂತ ನಾವು ನಾಲ್ಕು ಜನ ಒಂದು ಓಪನ್ ಸೋರ್ಸ್ ಕನ್ನಡ ಟಿಟಿಎಸ್ ಮಾಡೆಲ್ ಇಳಿಸಿಕೊಂಡೆವು. ಟಿಟಿಎಸ್ ಅಂದರೆ ಟೆಕ್ಸ್ಟ್-ಟು-ಸ್ಪೀಚ್, ಬರಹವನ್ನು ಮಾತು ಮಾಡೋದು. ಮೊದಲು ಕೊಟ್ಟ ಸಾಲು ಇದು:

```
ECE ವಿಭಾಗದ 3 ವಿದ್ಯಾರ್ಥಿಗಳು 2:30ಕ್ಕೆ Room 204ಕ್ಕೆ ಬರಬೇಕು. ಫೀಸ್ ₹1,250.
```

ಸ್ಪೀಕರಿನಿಂದ ಬಂದದ್ದು: “ವಿಭಾಗದ ವಿದ್ಯಾರ್ಥಿಗಳು ಕ್ಕೆ ಕ್ಕೆ ಬರಬೇಕು. ಫೀಸ್.” ದನಿ ಮಾತ್ರ ಎಷ್ಟು ಚೆನ್ನಾಗಿತ್ತು ಅಂದರೆ, ಆಕಾಶವಾಣಿಯ ವಾರ್ತೆ ಕೇಳಿದ ಹಾಗೆ! ನಾವು ನಕ್ಕೆವು. ಅವನು ನಗಲಿಲ್ಲ. “ಯಾವ ರೂಮು, ಎಷ್ಟು ಗಂಟೆಗೆ ಅಂತ ಹೇಳಲೇ ಇಲ್ವಲ್ಲ?” ಅಂದ. ಒಂದು ನೋಟಿಸಿನಲ್ಲಿ ಬೇಕಾಗಿರೋದೇ ಅದು.

ಇಷ್ಟು ಒಳ್ಳೆ ದನಿ ಇಷ್ಟು ಕೆಟ್ಟದಾಗಿ ಓದಿದ್ದು ಹೇಗೆ? ಉತ್ತರ ಸಿಗಬೇಕಾದರೆ ಆ ದನಿ ಹೇಗೆ ಹುಟ್ಟುತ್ತೆ ಅಂತ ನೋಡಬೇಕು.

ದನಿ ಹುಟ್ಟುವ ಬಗೆ

ಹಳೆಯ ಟಿಟಿಎಸ್‌ಗಳಲ್ಲಿ ಒಬ್ಬರ ರೆಕಾರ್ಡಿಂಗನ್ನು ಚೂರು ಚೂರು ಮಾಡಿ, ಬೇಕಾದ ಚೂರುಗಳನ್ನು ಅಂಟಿಸುತ್ತಿದ್ದರು. ಅಂಟಿಸಿದ ಜಾಗದಲ್ಲೆಲ್ಲ ದನಿ ಕುಲುಕುತ್ತಿತ್ತು. ನ್ಯೂರಲ್ ಟಿಟಿಎಸ್ ಚೂರುಗಳನ್ನು ಇಟ್ಟುಕೊಳ್ಳುವುದಿಲ್ಲ. ಒಬ್ಬರು ಗಂಟೆಗಟ್ಟಲೆ ಓದಿದ ಸಾಲುಗಳನ್ನೂ ಅವುಗಳ ಬರಹವನ್ನೂ ಜೋಡಿಯಾಗಿ ಕೊಟ್ಟರೆ, ಯಾವ ಅಕ್ಷರಕ್ಕೆ ಯಾವ ದನಿ ಅಂತ ತಾನೇ ಕಲಿಯುತ್ತೆ.

ಕೆಲಸ ಸಾಮಾನ್ಯವಾಗಿ ಎರಡು ಹಂತದಲ್ಲಿ ನಡೆಯುತ್ತೆ. ಮೊದಲ ಮಾಡೆಲ್ ಅಕ್ಷರಗಳನ್ನು ಓದಿ ಮೆಲ್ ಸ್ಪೆಕ್ಟ್ರೋಗ್ರಾಮ್ ಅನ್ನೋ ಚಿತ್ರ ಬರೆಯುತ್ತೆ. ಯಾವ ಕ್ಷಣದಲ್ಲಿ ಯಾವ ಫ್ರೀಕ್ವೆನ್ಸಿಯಲ್ಲಿ ಎಷ್ಟು ಶಕ್ತಿ ಇದೆ ಅನ್ನೋದರ ನಕ್ಷೆ ಅದು. ಗೂಗಲ್‌ನ ಟ್ಯಾಕೋಟ್ರಾನ್ 2 ಮಾಡೆಲ್ ಪ್ರತಿ 12.5 ಮಿಲಿಸೆಕೆಂಡಿಗೆ 80 ಸಂಖ್ಯೆಗಳ ಒಂದು ಕಂಬ ಬರೆಯುತ್ತೆ, ಅಂದರೆ ಸೆಕೆಂಡಿಗೆ 80 ಕಂಬ. ಎರಡನೇ ಮಾಡೆಲ್ಲಿಗೆ ವೋಕೋಡರ್ ಅಂತಾರೆ. ಅದು ಈ ನಕ್ಷೆಯನ್ನು ನೋಡಿ ನಿಜವಾದ ದನಿಯ ಅಲೆಯನ್ನು ಕಟ್ಟುತ್ತೆ. 2016ರಲ್ಲಿ ಬಂದ ವೇವ್‌ನೆಟ್, 2020ರ ಹೈಫೈ-ಗ್ಯಾನ್ ಇದಕ್ಕೆ ಹೆಸರಾದವು. ಈಗಿನ ಕೆಲವು ಮಾಡೆಲ್‌ಗಳಲ್ಲಿ ಎರಡೂ ಹಂತ ಒಂದರಲ್ಲೇ ಇರುತ್ತವೆ.

ಸಹಜ ಅನ್ನಿಸೋದು ಯಾಕೆ ಅಂದರೆ, ಯಾವ ಅಕ್ಷರ ಎಷ್ಟು ಹೊತ್ತು ಇರಬೇಕು, ದನಿ ಎಲ್ಲಿ ಏರಬೇಕು, ಎಲ್ಲಿ ಇಳಿಯಬೇಕು ಅನ್ನೋದನ್ನು ಮಾಡೆಲ್ ಇಡೀ ಸಾಲನ್ನು ನೋಡಿ ನಿರ್ಧರಿಸುತ್ತೆ. “ಬಳೆ”ಗೂ “ಬಾಳೆ”ಗೂ ಇರುವ ಮುಖ್ಯ ವ್ಯತ್ಯಾಸ ಸ್ವರದ ಉದ್ದ ತಾನೇ? ಅದನ್ನೂ ಹೀಗೇ ಕಲಿತಿರುತ್ತೆ.

ಈ ವಿಷಯದಲ್ಲಿ ಕನ್ನಡಕ್ಕೆ ಒಂದು ಅನುಕೂಲ ಇದೆ. ನಾವು ಬರೆದದ್ದನ್ನು ಹೆಚ್ಚುಕಮ್ಮಿ ಹಾಗೇ ಓದುತ್ತೀವಿ. ಅದಕ್ಕೇ ಎಷ್ಟೋ ಕನ್ನಡ ಮಾಡೆಲ್‌ಗಳು ಉಚ್ಚಾರಣೆಯ ನಿಘಂಟು ಇಲ್ಲದೆ ನೇರವಾಗಿ ಅಕ್ಷರಗಳನ್ನೇ ತಗೊಳ್ಳುತ್ತವೆ. ಎಡವಟ್ಟು ಶುರುವಾಗೋದೂ ಇಲ್ಲಿಂದಲೇ.

ಪಟ್ಟಿಯಲ್ಲಿ ಇಲ್ಲದ್ದು ಇಲ್ಲವೇ ಇಲ್ಲ

ಇಂಥ ಮಾಡೆಲ್ಲಿಗೆ ತನಗೆ ಗೊತ್ತಿರುವ ಅಕ್ಷರಗಳ ಒಂದು ಪಟ್ಟಿ ಇರುತ್ತೆ. ನಮ್ಮದರಲ್ಲಿ ಅದು `vocab.json` ಫೈಲು. ತೆರೆದು ನೋಡಿದರೆ ಕನ್ನಡ ಅಕ್ಷರಗಳು ಮಾತ್ರ! ಪಟ್ಟಿಯಲ್ಲಿ ಇಲ್ಲದ್ದನ್ನು ಪ್ರೋಗ್ರಾಂ ಎರರ್ ಕೊಡದೆ ಸುಮ್ಮನೆ ಬಿಟ್ಟುಬಿಡುತ್ತೆ. ಹಾಗಾಗಿ 2:30 ಹೋಗಿ “ಕ್ಕೆ” ಮಾತ್ರ ಉಳಿಯಿತು.

“ಸರಿ, ಅಂಕಿಗಳನ್ನೂ ಪಟ್ಟಿಗೆ ಸೇರಿಸಿ ಟ್ರೈನ್ ಮಾಡಿದರಾಯ್ತು” ಅಂತ ನಮಗೂ ಅನ್ನಿಸಿತು. ಆದರೆ ಟ್ರೈನಿಂಗಿಗೆ ಬಳಸುವ ಸಾಲುಗಳಲ್ಲಿ ಅಂಕಿಗಳು ಬರೋದೇ ಅಪರೂಪ, ಬಂದರೂ ಪದಗಳಲ್ಲಿ ಬರೆದಿರುತ್ತಾರೆ. ಕೆಲವು ಗಂಟೆಗಳ ರೆಕಾರ್ಡಿಂಗಿನಲ್ಲಿ 1,250 ಒಮ್ಮೆಯೂ ಬರದೇ ಇರಬಹುದು. ಕೇಳದ್ದನ್ನು ಮಾಡೆಲ್ ಕಲಿಯೋದು ಹೇಗೆ? ಅದಕ್ಕೇ ಮಾಡೆಲ್ಲಿಗೆ ಕೊಡೋ ಮೊದಲೇ ಅಂಕಿಗಳನ್ನು ಪದ ಮಾಡುವ ಬೇರೆ ಪ್ರೋಗ್ರಾಂ ಬೇಕು. ಇದಕ್ಕೆ ಟೆಕ್ಸ್ಟ್ ನಾರ್ಮಲೈಸೇಶನ್ ಅಂತಾರೆ.

ಒಂದೇ ಸಾಲು, ಐದು ನಿಯಮ

ಅದನ್ನು ಬರೆಯೋಕೆ ಕೂತಾಗ ಗೊತ್ತಾಯ್ತು, ಕನ್ನಡದ ಅಂಕಿ ಇಂಗ್ಲಿಷಿನಷ್ಟು ಸುಲಭ ಅಲ್ಲ ಅಂತ. “3 ಪುಸ್ತಕಗಳು” ಅಂದರೆ ಮೂರು, “3 ವಿದ್ಯಾರ್ಥಿಗಳು” ಅಂದರೆ ಮೂವರು. ಮುಂದಿನ ಪದ ನೋಡದೆ ಅಂಕಿ ಓದೋ ಹಾಗಿಲ್ಲ. ₹ ಬರೆಯೋದು ಮುಂದೆ, “ರೂಪಾಯಿ” ಅನ್ನೋದು ಕೊನೆಗೆ. 1,250 ಅನ್ನು “ಒಂದು ಸಾವಿರ ಎರಡು ನೂರು ಐವತ್ತು” ಅಂತ ಯಾರೂ ಅನ್ನಲ್ಲ, “ಸಾವಿರದ ಇನ್ನೂರ ಐವತ್ತು” ಅಂತೀವಿ. ರೂಮ್ 204 ನಮ್ಮ ಕ್ಯಾಂಪಸ್ಸಿನಲ್ಲಿ “ಟೂ ನಾಟ್ ಫೋರ್”. ECE ಅನ್ನು ಒಂದೊಂದೇ ಅಕ್ಷರವಾಗಿ ಓದಬೇಕು, NASA ಅನ್ನು ಪದವಾಗಿ.

ಎಲ್ಲಕ್ಕಿಂತ ತಲೆ ತಿಂದದ್ದು ವಿಭಕ್ತಿ. 10ಕ್ಕೆ ಅಂದರೆ “ಹತ್ತಕ್ಕೆ”, 2:30ಕ್ಕೆ ಅಂದರೆ “ಎರಡೂವರೆಗೆ”. ಬರೆದಿರೋದು “ಕ್ಕೆ”, ಓದಬೇಕಾಗಿರೋದು “ಗೆ”. ನಾವು ಬರೆದ ಮೊದಲ ನಿಯಮ ಇಷ್ಟೇ:

```python
def kke(word):
    if word.endswith("ು"):
        return word[:-1] + "ಕ್ಕೆ"
    return word + "ಗೆ"
```

ಹತ್ತು, ಮೂರು, ಎರಡೂವರೆ ಎಲ್ಲ ಸರಿ ಬಂತು. ಪಾರ್ಟಿ ಮಾಡೋಣ ಅನ್ನುವಷ್ಟರಲ್ಲಿ 1000ಕ್ಕೆ ಕೊಟ್ಟರೆ “ಸಾವಿರಗೆ”, 5:15ಕ್ಕೆ ಕೊಟ್ಟರೆ “ಐದೂಕಾಲಕ್ಕೆ” ಅಂತು. “ಸಾವಿರಕ್ಕೆ”, “ಐದೂಕಾಲಿಗೆ” ಅನ್ನೋದಕ್ಕೆ ಬೇರೆ ಸಾಲುಗಳನ್ನೇ ಬರೆಯಬೇಕಾಯ್ತು.

ಇಂಗ್ಲಿಷ್ ಪದಗಳ ಕಥೆ

Room ಅನ್ನು “ರೂಮ್” ಅಂತ ಕನ್ನಡಕ್ಕೆ ತಿರುಗಿಸಿದರೆ ಮಾಡೆಲ್ ಬಾಯಿ ಬಿಡುತ್ತೆ. ಆದರೆ ಕನ್ನಡ ಲಿಪಿಯಲ್ಲಿ ಇಂಗ್ಲಿಷಿನ ಎಲ್ಲ ದನಿಗೂ ಅಕ್ಷರ ಇಲ್ಲ. “ಬ್ಯಾಂಕ್” ಅಂತ ಬರೆದು ನಾವು ಯಕಾರ ಇಲ್ಲದೆ ಓದುತ್ತೀವಿ, ಯಾಕೆಂದರೆ ಆ ಪದ ನಮಗೆ ಮೊದಲೇ ಗೊತ್ತು. ಅಕ್ಷರ ನಂಬುವ ಮಾಡೆಲ್ “ವ್ಯಾಪಾರ”ದಲ್ಲಿ ಕಲಿತ ಯಕಾರವನ್ನೇ ಇಲ್ಲೂ ಹಾಕಬಹುದು. “ಫೀಸ್”ನ ಫ ತುಟಿ-ಹಲ್ಲಿನ ದನಿ, “ಫಲ”ದ ಫ ಮಹಾಪ್ರಾಣ, ಅಕ್ಷರ ಮಾತ್ರ ಒಂದೇ. ಜೊತೆಗೆ ಕನ್ನಡ ಪದಗಳು ಸಾಮಾನ್ಯವಾಗಿ ಸ್ವರದಲ್ಲೇ ಮುಗಿಯೋದರಿಂದ, ನಮ್ಮ ಮಾಡೆಲ್ “ರೂಮ್” ಕೊನೆಗೆ ಒಂದು ಸಣ್ಣ ಉಕಾರ ಸೇರಿಸುತ್ತಿತ್ತು. ನಮ್ಮ ಅಜ್ಜಿಯಂದಿರ ಹಾಗೇ!

ಇದಕ್ಕೆ ನಿಯಮ ಸಾಲದು, ಡೇಟಾ ಬೇಕು. ಐಐಟಿ ಮದ್ರಾಸ್‌ನ ಇಂಡಿಕ್ ಟಿಟಿಎಸ್ ಸಂಗ್ರಹದಲ್ಲಿ ಕನ್ನಡ ಓದಿದವರು ಇಂಗ್ಲಿಷ್ ಸಾಲುಗಳನ್ನೂ ಓದಿದ್ದಾರೆ. ಒಂದೇ ಗಂಟಲಿನ ಎರಡೂ ಭಾಷೆ ಕೇಳಿದ ಮಾಡೆಲ್, ದನಿ ಬದಲಾಯಿಸದೆ ಎರಡನ್ನೂ ಹೇಳೋದು ಕಲಿಯಬಹುದು.

ತಪ್ಪು ಯಾರದ್ದು ಅಂತ ತಿಳಿಯೋದು

ನಿಮ್ಮ ಟಿಟಿಎಸ್ ತಪ್ಪಿದರೆ ಅದೇ ಸಾಲನ್ನು ಕೈಯಾರೆ ಪೂರ್ತಿ ಪದಗಳಲ್ಲಿ ಬರೆದು ಮತ್ತೆ ಕೊಡಿ. ಆಗ ಸರಿ ಓದಿದರೆ ದೋಷ ನಾರ್ಮಲೈಸೇಶನ್‌ದು, ನೀವೇ ಸರಿಮಾಡಬಹುದು. ಆಗಲೂ ತಪ್ಪಿದರೆ ದೋಷ ಮಾಡೆಲ್ಲಿನದು ಅಥವಾ ಡೇಟಾದ್ದು. ನಾವು ಕೊಟ್ಟದ್ದು:

```
ಈಸಿಇ ವಿಭಾಗದ ಮೂವರು ವಿದ್ಯಾರ್ಥಿಗಳು ಎರಡೂವರೆಗೆ ರೂಮ್ ಟೂ ನಾಟ್ ಫೋರ್‌ಗೆ ಬರಬೇಕು. ಫೀಸ್ ಸಾವಿರದ ಇನ್ನೂರ ಐವತ್ತು ರೂಪಾಯಿ.
```

“ರೂಮು” ಅಂದದ್ದು ಬಿಟ್ಟರೆ ಉಳಿದದ್ದೆಲ್ಲ ಸರಿಯಾಗಿ ಓದಿತು. ಗೆಳೆಯ ಒಂದೇ ಸಲ ಕೇಳಿ, “ಎರಡೂವರೆಗೆ ಟೂ ನಾಟ್ ಫೋರು, ಅಲ್ವಾ?” ಅಂದ. ಈಗ ಅವನು ತಪ್ಪು ಓದಿದ ಪ್ರತಿ ನೋಟಿಸನ್ನೂ ನಮಗೆ ಕಳಿಸ್ತಾನೆ, ನಾವು ಒಂದೊಂದು ನಿಯಮ ಸೇರಿಸ್ತೀವಿ. ನಿನ್ನೆ ಬಂದದ್ದು 4:45ಕ್ಕೆ. “ನಾಲ್ಕೂಮುಕ್ಕಾಲಿಗೆ” ಅನ್ನೋದೋ, “ಐದಕ್ಕೆ ಕಾಲು ಗಂಟೆ ಇರುವಾಗ” ಅನ್ನೋದೋ ಅಂತ ನಮ್ಮಲ್ಲೇ ಇನ್ನೂ ಜಗಳ ನಡೀತಿದೆ.