ಪಾಯಿಂಟ್ ಸಮ ಆದಾಗ ಮೇಲೆ ಯಾರು? ಲೀಗ್ ಪಟ್ಟಿಯ ಲೆಕ್ಕಾಚಾರ

2018-19ರ ಇಂಡಿಯನ್ ಸೂಪರ್ ಲೀಗ್ ಮುಗಿದಾಗ ಪಟ್ಟಿಯ ತುದಿಯಲ್ಲಿ ಎರಡು ತಂಡಗಳು ಒಂದೇ ಲೆಕ್ಕದಲ್ಲಿ ನಿಂತಿದ್ದವು. ಬೆಂಗಳೂರು ಎಫ್‌ಸಿ 18 ಪಂದ್ಯಗಳಲ್ಲಿ 10 ಗೆಲುವು, 4 ಡ್ರಾ, 4 ಸೋಲು. ಎಫ್‌ಸಿ ಗೋವಾದ್ದೂ ಅದೇ 10, 4, 4. ಇಬ್ಬರಿಗೂ 34 ಪಾಯಿಂಟ್. ಗೋವಾ 36 ಗೋಲು ಹೊಡೆದು 20 ಬಿಟ್ಟುಕೊಟ್ಟಿತ್ತು, ಬೆಂಗಳೂರು ಹೊಡೆದದ್ದು 29, ಬಿಟ್ಟುಕೊಟ್ಟದ್ದು 22. ಅಂದರೆ ಗೋವಾದ ಗೋಲು ವ್ಯತ್ಯಾಸ 16, ಬೆಂಗಳೂರಿನದ್ದು ಬರೀ 7. ಆದರೂ ಮೊದಲ ಸ್ಥಾನ ಸಿಕ್ಕಿದ್ದು ಬೆಂಗಳೂರಿಗೆ.

ಆಗ ಬಹಳ ಮಂದಿ ಇದೇನು ಅನ್ಯಾಯ ಅಂತ ಕೇಳಿದ್ದುಂಟು. ಟಿವಿಯಲ್ಲಿ ಇಂಗ್ಲಿಷ್ ಪ್ರೀಮಿಯರ್ ಲೀಗ್ ನೋಡಿ ಬೆಳೆದವರಿಗೆ ಗೋಲು ವ್ಯತ್ಯಾಸವೇ ಮೊದಲು ಎಂಬುದು ತಲೆಯಲ್ಲಿ ಕೂತಿರುತ್ತದೆ. ಅಲ್ಲಿ 2012ರಲ್ಲಿ ಮ್ಯಾಂಚೆಸ್ಟರ್ ಸಿಟಿ ಮತ್ತು ಯುನೈಟೆಡ್ ಎರಡೂ 89 ಪಾಯಿಂಟ್‌ನಲ್ಲಿ ನಿಂತಾಗ ಸಿಟಿಯ 64 ಮತ್ತು ಯುನೈಟೆಡ್‌ನ 56 ನೋಡಿಯೇ ಕಪ್ ಕೊಟ್ಟರು. ಐಎಸ್‌ಎಲ್‌ನ ನಿಯಮ ಬೇರೆ. ಪಾಯಿಂಟ್ ಸಮ ಆದರೆ ಆ ಎರಡು ತಂಡಗಳು ಪರಸ್ಪರ ಆಡಿದ ಪಂದ್ಯಗಳನ್ನೇ ಮೊದಲು ನೋಡಬೇಕು. ಗೋವಾದಲ್ಲಿ ನಡೆದ ಪಂದ್ಯವನ್ನು ಬೆಂಗಳೂರು 2-1ರಿಂದ ಗೆದ್ದಿತ್ತು. ಫೆಬ್ರವರಿ 21ರಂದು ಕಂಠೀರವದಲ್ಲಿ ಒಬ್ಬ ಆಟಗಾರ ರೆಡ್ ಕಾರ್ಡ್ ಪಡೆದು ಹೊರಹೋದ ಮೇಲೂ 3-0ರಿಂದ ಗೆದ್ದಿತು. ಎರಡು ಪಂದ್ಯದ ಆರು ಪಾಯಿಂಟ್ ಬೆಂಗಳೂರಿಗೆ, ಗೋವಾಕ್ಕೆ ಸೊನ್ನೆ. ಅಲ್ಲಿಗೆ ಲೆಕ್ಕ ಮುಗಿಯಿತು, ಗೋಲು ವ್ಯತ್ಯಾಸದ ಪುಟ ತೆರೆಯುವ ಅಗತ್ಯವೇ ಬರಲಿಲ್ಲ. ಕೊನೆಯ ಪಂದ್ಯದಲ್ಲಿ ಜಮ್ಶೆಡ್‌ಪುರದ ಎದುರು ಬೆಂಗಳೂರು 5-1ರಿಂದ ಸೋತರೂ ಮೊದಲ ಸ್ಥಾನ ಅಲುಗಾಡಲಿಲ್ಲ.

ಎರಡು ವರ್ಷದ ನಂತರ ಇದೇ ನಿಯಮದ ಇನ್ನೊಂದು ಮುಖ ಕಾಣಿಸಿತು. 2021ರ ಫೆಬ್ರವರಿ 28ರಂದು ಲೀಗ್‌ನ ಕೊನೆಯ ಪಂದ್ಯಕ್ಕೆ ಇಳಿಯುವಾಗ ಎಟಿಕೆ ಮೋಹನ್ ಬಗಾನ್ ಬಳಿ 40 ಪಾಯಿಂಟ್, ಮುಂಬೈ ಸಿಟಿ ಬಳಿ 37. ಆವತ್ತು ಇವರಿಬ್ಬರದ್ದೇ ಪಂದ್ಯ. ಮೊದಲ ಸುತ್ತಿನಲ್ಲಿ ಮುಂಬೈ 1-0ರಿಂದ ಗೆದ್ದಿತ್ತು. ಹಾಗಾಗಿ ಮುಂಬೈಗೆ ಗೆದ್ದರೆ ಸಾಕು, ಎಷ್ಟು ಗೋಲಿನಿಂದ ಎಂಬ ಚಿಂತೆ ಬೇಡ. ಬಗಾನ್‌ಗೆ ಡ್ರಾ ಆದರೂ ಸಾಕಿತ್ತು. ಮುಂಬೈ 2-0ರಿಂದ ಗೆದ್ದು ಲೀಗ್ ಶೀಲ್ಡ್ ಮತ್ತು ಏಷ್ಯನ್ ಚಾಂಪಿಯನ್ಸ್ ಲೀಗ್ ಸ್ಥಾನ ಎರಡನ್ನೂ ಕೊಂಡುಹೋಯಿತು.

ಎರಡು ತಂಡ ಮಾತ್ರ ಸಮ ಆದಾಗ ಲೆಕ್ಕ ಇಷ್ಟು ಸುಲಭ. ಮೂರು ತಂಡ ಸಮ ಆದರೆ ಜಗಳ ಶುರು.

ಗಡಿಯಾಚೆ ರಾಯಚೂರಿಗೆ ಅಂಟಿಕೊಂಡಂತೆ ಇರುವ ತೆಲಂಗಾಣದ ಮೂರು ಊರುಗಳನ್ನು ಉದಾಹರಣೆಗೆ ತೆಗೆದುಕೊಳ್ಳೋಣ: ನಾರಾಯಣಪೇಟೆ, ಮಕ್ತಲ್, ಗದ್ವಾಲ್. ಈ ಮೂರು ತಂಡ ಮತ್ತು ರಾಯಚೂರಿನ ಒಂದು ತಂಡ ಸೇರಿ ಒಂದು ಸುತ್ತಿನ ಲೀಗ್ ಆಡಿದವು ಅಂದುಕೊಳ್ಳಿ. ಇದು ಲೆಕ್ಕ ತಿಳಿಯಲು ಕಟ್ಟಿದ ಕತೆ, ನಿಜವಾದ ಪಂದ್ಯಾವಳಿ ಅಲ್ಲ. ನಾರಾಯಣಪೇಟೆ ಮಕ್ತಲ್‌ ಅನ್ನು 2-0ರಿಂದ ಸೋಲಿಸಿತು. ಮಕ್ತಲ್ ಗದ್ವಾಲನ್ನು 3-1ರಿಂದ ಸೋಲಿಸಿತು. ಗದ್ವಾಲ್ ನಾರಾಯಣಪೇಟೆಯನ್ನು 1-0ರಿಂದ ಸೋಲಿಸಿತು. ಒಬ್ಬರನ್ನೊಬ್ಬರು ಸುತ್ತು ಹೊಡೆದಂತೆ. ಇನ್ನು ರಾಯಚೂರು ಮೂವರಿಗೂ ಸೋತಿತು: ನಾರಾಯಣಪೇಟೆಗೆ 1-0, ಮಕ್ತಲ್‌ಗೆ 2-0, ಗದ್ವಾಲಿಗೆ 6-0. ಮೂರೂ ತಂಡಕ್ಕೆ ತಲಾ ಆರು ಪಾಯಿಂಟ್.

ಗೋಲು ವ್ಯತ್ಯಾಸ ಮೊದಲು ಅಂತ ನಿಯಮ ಇದ್ದರೆ ಎಲ್ಲ ಪಂದ್ಯಗಳೂ ಲೆಕ್ಕಕ್ಕೆ ಬರುತ್ತವೆ. ಗದ್ವಾಲ್ 8 ಹೊಡೆದು 3 ಬಿಟ್ಟುಕೊಟ್ಟಿದೆ, ವ್ಯತ್ಯಾಸ 5. ಮಕ್ತಲ್ 5 ಹೊಡೆದು 3 ಬಿಟ್ಟಿದೆ, ವ್ಯತ್ಯಾಸ 2. ನಾರಾಯಣಪೇಟೆ 3 ಹೊಡೆದು 1 ಬಿಟ್ಟಿದೆ, ಅದೂ 2. ಕೊನೆಯ ಎರಡು ಸಮ ಆದ್ದರಿಂದ ಹೊಡೆದ ಗೋಲು ನೋಡಬೇಕು. 5 ಹೊಡೆದ ಮಕ್ತಲ್ ಮೇಲೆ ಬರುತ್ತದೆ. ಹಾಗಾಗಿ ಗದ್ವಾಲ್, ಮಕ್ತಲ್, ನಾರಾಯಣಪೇಟೆ ಎಂಬ ಕ್ರಮ.

ಮುಖಾಮುಖಿ ಮೊದಲು ಅಂತ ಇದ್ದರೆ ಮೂವರದ್ದೇ ಒಂದು ಚಿಕ್ಕ ಪಟ್ಟಿ ಮಾಡಬೇಕು. ರಾಯಚೂರಿನ ಎದುರಿನ ಪಂದ್ಯಗಳನ್ನು ಪೂರ್ತಿ ಅಳಿಸಿ. ಉಳಿದದ್ದು ಮೂರು ಪಂದ್ಯ, ಎಲ್ಲರಿಗೂ ಒಂದು ಗೆಲುವು, ಒಂದು ಸೋಲು. ಆಗ ಆ ಮೂರು ಪಂದ್ಯದೊಳಗಿನ ಗೋಲು ವ್ಯತ್ಯಾಸ ನೋಡಬೇಕು. ನಾರಾಯಣಪೇಟೆ ಎರಡು ಹೊಡೆದು ಒಂದು ಬಿಟ್ಟಿದೆ, ಒಂದು ಮುಂದೆ. ಮಕ್ತಲ್ ಮೂರು ಹೊಡೆದು ಮೂರು ಬಿಟ್ಟಿದೆ, ಸೊನ್ನೆ. ಗದ್ವಾಲ್ ಎರಡು ಹೊಡೆದು ಮೂರು ಬಿಟ್ಟಿದೆ, ಒಂದು ಹಿಂದೆ. ಈಗ ಕ್ರಮ ನಾರಾಯಣಪೇಟೆ, ಮಕ್ತಲ್, ಗದ್ವಾಲ್. ಅದೇ ಆರು ಪಂದ್ಯ, ಅದೇ ಗೋಲುಗಳು, ಆದರೆ ಪಟ್ಟಿ ತಲೆಕೆಳಗು.

ಇಲ್ಲಿ ಯಾವುದು ಸರಿ ಅಂದರೆ ಎರಡಕ್ಕೂ ವಾದ ಇದೆ. ದುರ್ಬಲ ತಂಡಕ್ಕೆ ಆರು ಗೋಲು ಹೊಡೆದವನು ಮೇಲೇರುವುದು ಸರಿಯಾ ಎಂದು ಮುಖಾಮುಖಿ ಪರ ಇರುವವರು ಕೇಳುತ್ತಾರೆ. ಇನ್ನೊಂದು ಕಡೆಯವರು, ಲೀಗ್ ಅಂದರೆ ಎಲ್ಲರ ಎದುರೂ ಆಡುವುದು, ಅದರಲ್ಲಿ ಒಂದೆರಡು ಪಂದ್ಯಕ್ಕೆ ಮಾತ್ರ ತೂಕ ಯಾಕೆ ಎನ್ನುತ್ತಾರೆ. ಒಂದೇ ಸುತ್ತಿನ ಲೀಗ್‌ನಲ್ಲಿ ಈ ಎರಡನೇ ವಾದಕ್ಕೆ ಬಲ ಜಾಸ್ತಿ. ಯಾಕೆಂದರೆ ಮುಖಾಮುಖಿ ಎಂದರೆ ಅಲ್ಲಿ ಒಂದೇ ಪಂದ್ಯ, ಅದೂ ಯಾರದ್ದೋ ಊರಿನ ಮೈದಾನದಲ್ಲಿ. ಎರಡೂ ಕಡೆ ತಲಾ ಒಂದು ಪಂದ್ಯ ಇರುವ ದೊಡ್ಡ ಲೀಗ್‌ಗೆ ಮುಖಾಮುಖಿ ಚೆನ್ನಾಗಿ ಒಪ್ಪುತ್ತದೆ. ಸ್ಪೇನ್‌ನ ಲಾ ಲಿಗಾದಲ್ಲಿ ಇದೇ ಪದ್ಧತಿ. 2007ರಲ್ಲಿ ಬಾರ್ಸಿಲೋನಾದ ಗೋಲು ವ್ಯತ್ಯಾಸ ಬಹಳ ಮುಂದಿದ್ದರೂ 76 ಪಾಯಿಂಟ್‌ನಲ್ಲಿ ಸಮ ನಿಂತ ರಿಯಲ್ ಮ್ಯಾಡ್ರಿಡ್ ಚಾಂಪಿಯನ್ ಆದದ್ದು ಹೀಗೆಯೇ.

ಊರ ಟೂರ್ನಿಗಳಲ್ಲಿ ಲೆಕ್ಕ ಎಡವುವುದು ಹೆಚ್ಚಾಗಿ ವಾಕ್‌ಓವರ್‌ನಲ್ಲಿ. ಎದುರಾಳಿ ಮೈದಾನಕ್ಕೆ ಬಾರದಿದ್ದರೆ ಸಾಮಾನ್ಯವಾಗಿ 3-0 ಎಂದು ಬರೆಯುತ್ತಾರೆ. ಬರೀ ಮೂರು ಪಾಯಿಂಟ್ ಕೊಟ್ಟು ಗೋಲು ಬರೆಯದೆ ಬಿಟ್ಟರೆ, ಅದೇ ತಂಡದ ಎದುರು ಬೆವರು ಸುರಿಸಿ ಐದು ಗೋಲು ಹೊಡೆದವನಿಗೆ ಲಾಭ, ಆಡಲು ಸಿದ್ಧನಾಗಿ ನಿಂತವನಿಗೆ ನಷ್ಟ. ಮೇಲಿನ ಉದಾಹರಣೆಯಲ್ಲಿ ರಾಯಚೂರು ಗದ್ವಾಲಿನ ಎದುರು ಬಾರದೇ ಇದ್ದಿದ್ದರೆ ಆರರ ಬದಲು ಮೂರೇ ಗೋಲು ಬರುತ್ತಿತ್ತು, ಗದ್ವಾಲಿನ ವ್ಯತ್ಯಾಸ 5ರಿಂದ 2ಕ್ಕೆ ಇಳಿದು ಮೂವರೂ ಮತ್ತೆ ಸಮ ಆಗುತ್ತಿದ್ದರು. ಆಗ ಹೊಡೆದ ಗೋಲು ನೋಡಿದರೆ ಗದ್ವಾಲಿನದ್ದೂ 5, ಮಕ್ತಲ್‌ನದ್ದೂ 5. ಮುಂದಿನ ಮೆಟ್ಟಿಲು ಬರೆದಿಡದಿದ್ದರೆ ಆಯೋಜಕರು ಅಲ್ಲೇ ಸಿಕ್ಕಿಬೀಳುತ್ತಾರೆ. ಇನ್ನು ತಂಡವೊಂದು ಅರ್ಧದಲ್ಲೇ ಲೀಗ್ ಬಿಟ್ಟುಹೋದರೆ ಅದರ ಎಲ್ಲ ಪಂದ್ಯಗಳನ್ನೂ ಪಟ್ಟಿಯಿಂದ ತೆಗೆಯುವ ಪದ್ಧತಿಯೂ ಇದೆ. ಆಗ ಅದರ ಎದುರು ಹೊಡೆದ ಗೋಲುಗಳೆಲ್ಲ ಹೋದವು.

ಮುಂದಿನ ಮೆಟ್ಟಿಲು ಏನಿರಬಹುದು ಎಂಬುದಕ್ಕೆ 2018ರ ವಿಶ್ವಕಪ್ ಒಳ್ಳೆಯ ಸಾಕ್ಷಿ. ಜಪಾನ್ ಮತ್ತು ಸೆನೆಗಲ್ ತಲಾ ನಾಲ್ಕು ಪಾಯಿಂಟ್, ತಲಾ ನಾಲ್ಕು ಗೋಲು ಹೊಡೆದು ನಾಲ್ಕು ಬಿಟ್ಟವರು, ಪರಸ್ಪರ ಪಂದ್ಯವೂ 2-2 ಡ್ರಾ. ಕಡೆಗೆ ಹಳದಿ ಕಾರ್ಡ್ ಎಣಿಸಿದರು. ಜಪಾನ್‌ಗೆ ನಾಲ್ಕು, ಸೆನೆಗಲ್‌ಗೆ ಆರು. ಸೆನೆಗಲ್ ಮನೆಗೆ ಹೋಯಿತು. ಅದೂ ಸಮ ಆಗಿದ್ದರೆ ಉಳಿದಿದ್ದದ್ದು ಚೀಟಿ ಎತ್ತುವುದು ಮಾತ್ರ.

ಅಂದಹಾಗೆ ಪಟ್ಟಿಯಲ್ಲಿ ಹಿಂದೆ ಬಿದ್ದ ಗೋವಾಕ್ಕೆ ಆ ವರ್ಷ ಇನ್ನೊಂದು ಅವಕಾಶ ಸಿಕ್ಕಿತ್ತು. 2019ರ ಮಾರ್ಚ್ 17ರಂದು ಮುಂಬೈಯ ಫೈನಲ್‌ನಲ್ಲಿ ಅದೇ ಎರಡು ತಂಡ. 90 ನಿಮಿಷ ಗೋಲಿಲ್ಲ, ಹೆಚ್ಚುವರಿ ಸಮಯದ 117ನೇ ನಿಮಿಷದಲ್ಲಿ ರಾಹುಲ್ ಭೇಕೆ ತಲೆಯಿಂದ ಹೊಡೆದ ಚೆಂಡು ಗೋಲಿನೊಳಗೆ ಹೋಯಿತು. ಬೆಂಗಳೂರು 1, ಗೋವಾ 0.