ಕಂಪನಿಯ ಪಾಲು ಎಲ್ಲಿ ಹೋಯಿತು?

ಪ್ರಶ್ನೆ: ಪಿ.ಎಫ್. ಪಾಸ್‌ಬುಕ್‌ನಲ್ಲಿ ಕಂಪನಿ ಕಟ್ಟಿದ್ದು ನನ್ನ ಪಾಲಿಗಿಂತ ಕಡಿಮೆ ಇದೆ. ಮೋಸವೇ? — ಓದುಗರು, ಕೆ.ಆರ್.ಪೇಟೆ

ಮೋಸವಲ್ಲ, ಹಣ ಎರಡಾಗಿ ಒಡೆದಿದೆ. ಶ್ರೀರಂಗಪಟ್ಟಣದ ಗಾರ್ಮೆಂಟ್ಸ್‌ನಲ್ಲಿ ಹೊಲಿಯುವ ಮಹಿಳೆಯೊಬ್ಬರಿಗೆ ಪಿ.ಎಫ್. ಲೆಕ್ಕದ ಸಂಬಳ 12,000 ರೂಪಾಯಿ ಎಂದುಕೊಳ್ಳಿ. ಅವರಿಂದ ಶೇ. 12, ಅಂದರೆ 1,440 ರೂಪಾಯಿ ಹಿಡಿಯುತ್ತಾರೆ. ಕಂಪನಿಯೂ ಅಷ್ಟೇ ಕಟ್ಟುತ್ತದೆ. ಆದರೆ ಅದರಲ್ಲಿ ಶೇ. 8.33, ಸುಮಾರು 1,000 ರೂಪಾಯಿ, ಪಿಂಚಣಿ ಕಾಲಂಗೆ ಹೋಗಿ, ಕಂಪನಿಯ ಕಾಲಂನಲ್ಲಿ 440 ಮಾತ್ರ ಕಾಣುತ್ತದೆ. ಪಿಂಚಣಿ ಕಾಲಂಗೆ ಬಡ್ಡಿ ಬರುವುದಿಲ್ಲ. ಹಲವರು ಗಾಬರಿಯಾಗುವುದು ಇಲ್ಲೇ.

ಉಳಿದೆರಡು ಕಾಲಂಗಳ ಬಡ್ಡಿಯನ್ನು ತಿಂಗಳ ಬಾಕಿಯ ಮೇಲೆ ಎಣಿಸಿದರೂ ಜಮೆ ಮಾಡುವುದು ವರ್ಷಕ್ಕೊಮ್ಮೆ. 2024-25ರ ದರ ಶೇ. 8.25. ಮಾರ್ಚ್ 31ರ ಹೆಸರಿನ ಆ ಸಾಲು ಪಾಸ್‌ಬುಕ್‌ನಲ್ಲಿ ಕಾಣಲು ತಿಂಗಳುಗಳೇ ಹಿಡಿಯಬಹುದು. ತಡವಾದರೂ ಬಡ್ಡಿ ಕಡಿಮೆಯಾಗದು.

ನಿಜವಾಗಿ ಕಣ್ಣಿಡಬೇಕಾದದ್ದು ಬಿಟ್ಟುಹೋದ ತಿಂಗಳ ಮೇಲೆ. ಜೂನ್ ಸಂಬಳದ ಹಣವನ್ನು ಕಂಪನಿ ಜುಲೈ 15ರೊಳಗೆ ಕಟ್ಟಬೇಕು. ಹಾಗಾಗಿ ಜುಲೈ ಮೊದಲ ವಾರದಲ್ಲಿ ಜೂನ್ ಸಾಲು ಇಲ್ಲದಿದ್ದರೆ ಚಿಂತೆ ಬೇಡ. ಆಗಸ್ಟ್ ಬಂದರೂ ಇಲ್ಲವೆಂದರೆ ಸಂಬಳ ಚೀಟಿ ತೆಗೆದು ನೋಡಿ: ಸಂಬಳವಿಲ್ಲದ ರಜೆಯ ತಿಂಗಳಾದರೆ ಸಾಲು ಇರುವುದಿಲ್ಲ. ಕೆಲಸ ಬದಲಿಸಿದ್ದರೆ ಬೇರೆ ಮೆಂಬರ್ ಐಡಿಯ ಪಾಸ್‌ಬುಕ್‌ನಲ್ಲಿರಬಹುದು. ಚೀಟಿಯಲ್ಲಿ ಹಣ ಹಿಡಿದು ಎಲ್ಲೂ ಜಮೆಯಾಗದಿದ್ದರೆ ಅದು ಬಾಕಿಯೇ. ಮೊದಲು ಕಂಪನಿಯ ಎಚ್.ಆರ್.ಗೆ ಬರೆದು ಕೊಡಿ. ಆಗದಿದ್ದರೆ ಚೀಟಿಯ ಪ್ರತಿಯೊಂದಿಗೆ EPFiGMS ತಾಣದಲ್ಲಿ ದೂರು ದಾಖಲಿಸಿ.