ರೆಸ್ಯೂಮೆಯಲ್ಲಿ ಖಾಲಿ ಉಳಿದ ವರ್ಷಗಳು

ಮಗು ಶಾಲೆಗೆ ಸೇರಿದ ಮೇಲೆ ಹಳೆಯ ರೆಸ್ಯೂಮೆ ತೆರೆದರೆ, ಕೊನೆಯ ಕೆಲಸದ ಪಕ್ಕ 2019 ಎಂದೇ ನಿಂತಿರುತ್ತದೆ. ಸಂದರ್ಶನದಲ್ಲಿ ಮೊದಲ ಪ್ರಶ್ನೆಯೂ ಅಲ್ಲಿಂದಲೇ.

ಇಂಥವರಿಗಾಗಿ ಗೋಲ್ಡ್‌ಮನ್ ಸ್ಯಾಕ್ಸ್ 2008ರಲ್ಲಿ ‘ರಿಟರ್ನ್‌ಶಿಪ್’ ಶುರು ಮಾಡಿತು: ಕೆಲವು ವಾರ ಸಂಬಳದ ಕೆಲಸ, ಜೊತೆಗೆ ತರಬೇತಿ. ಅದೇ ವರ್ಷ ಟಾಟಾ ಸಮೂಹವೂ ಮಹಿಳೆಯರಿಗೆ ‘ಸೆಕೆಂಡ್ ಕರಿಯರ್’ ಯೋಜನೆ ತಂದಿತು. ಸುಮಾರು 500 ಗಂಟೆಗಳ ಪ್ರಾಜೆಕ್ಟನ್ನು ಐದಾರು ತಿಂಗಳಲ್ಲಿ ಹರಡಿಕೊಂಡು ಮಾಡುವ ಏರ್ಪಾಡು. ವಾರಕ್ಕೆ 20 ಗಂಟೆಯಂತೆ 25 ವಾರ. ಮಗುವನ್ನು ಸ್ಕೂಲ್ ಬಸ್ ಹತ್ತಿಸಿ ಹೊರಟು, ಬಸ್ಸು ವಾಪಸಾಗುವಷ್ಟರಲ್ಲಿ ಮನೆ ಸೇರಬಹುದು, ಟ್ರಾಫಿಕ್ ಕೃಪೆಯಿದ್ದರೆ!

ಆದರೆ ಇಂಥ ಯೋಜನೆ ಮುಗಿಸಿದವರಿಗೆಲ್ಲ ಕೆಲಸ ಖಾತ್ರಿಯಿಲ್ಲ. ಹಾಗಾಗಿ ಸೇರುವ ಮುಂಚೆಯೇ ಕೇಳಬೇಕು: ಹಿಂದಿನ ತಂಡದಲ್ಲಿ ಎಷ್ಟು ಜನ ಕಾಯಂ ಆದರು, ಯಾವ ಹುದ್ದೆಗೆ? ಎಚ್‌ಆರ್‌ನವರು ತಡವರಿಸಿದರೆ, ಆ ತಂಡದಲ್ಲಿದ್ದವರನ್ನೇ ಹುಡುಕಿ ಮಾತಾಡಿಸುವುದು ವಾಸಿ.